ರಾತ್ರಿ ಲಾಭ ಎಷ್ಟು, ಹಗಲು ಲಾಭ ಎಷ್ಟು? (ಪ್ರಶ್ನೋತ್ತರ)

ಕಿರಣ್: ಮೇಡಂ, ಹಿಂದಿನ 12 ತಿಂಗಳಲ್ಲಿ ಹೆಚ್ಚು ಏರಿದ 20 ಷೇರು ತಗೊಂಡು ತಿಂಗಳಿಗೊಮ್ಮೆ ಬದಲಿಸೋ ಪದ್ಧತಿ ನನ್ನದು. ಬ್ಯಾಕ್‌ಟೆಸ್ಟ್‌ನಲ್ಲಿ ದಿನದ ಸರಾಸರಿ ರಾತ್ರಿ ಭಾಗಕ್ಕೆ, ಅಂದ್ರೆ ಹಿಂದಿನ ದಿನದ ಕ್ಲೋಸ್‌ನಿಂದ ಓಪನ್‌ವರೆಗೆ, +0.11%; ಹಗಲಿಗೆ, ಅಂದ್ರೆ ಓಪನ್‌ನಿಂದ ಕ್ಲೋಸ್‌ವರೆಗೆ, −0.05% ಬಂತು. ದಿನಾ ಸಂಜೆ ಕೊಂಡು ಬೆಳಿಗ್ಗೆ ಮಾರಿದ್ರೆ ಆಯ್ತಲ್ವಾ?

ಸುಮಾ (ಬ್ಯಾಕ್‌ಟೆಸ್ಟ್ ಕೆಲಸ): ಅವಸರ ಬೇಡ. ನಿಮ್ಮ ಎರಡೂ ಅಂಕಿಗಳಲ್ಲಿ ಓಪನ್ ಬೆಲೆ ಇದೆ. ಅದು ನಿಜಕ್ಕಿಂತ 0.04% ಮೇಲಿದ್ದರೆ ರಾತ್ರಿಗೆ 0.04 ಕೂಡುತ್ತೆ, ಹಗಲಲ್ಲಿ ಅಷ್ಟೇ ಕಳೆಯುತ್ತೆ, ಒಟ್ಟು ಮೊತ್ತ ಅಲುಗಾಡಲ್ಲ. ಹಾಗಾಗಿ ಮೊತ್ತ ನೋಡಿದರೆ ತಪ್ಪು ಕಾಣೋದೇ ಇಲ್ಲ. ಜನರ ಬಾಯಲ್ಲಿರೋ ಏರಿದ ಷೇರುಗಳಿಗೆ ಬೆಳಿಗ್ಗೆ ಕೊಳ್ಳೋರ ಆರ್ಡರ್ ಮುಗಿಬೀಳುತ್ತೆ. ವಹಿವಾಟು ಕಡಿಮೆ ಇರೋ ಷೇರಲ್ಲಿ ಪ್ರೀ-ಓಪನ್‌ನ ಸಣ್ಣ ಆರ್ಡರೇ ಓಪನ್ ಬೆಲೆ ನಿಗದಿ ಮಾಡಿಬಿಡುತ್ತೆ.

ಪರೀಕ್ಷೆ ಹೀಗೆ: ಓಪನ್ ಜಾಗದಲ್ಲಿ 9:15ರಿಂದ 9:30ರವರೆಗಿನ ವಾಲ್ಯೂಮ್ ತೂಕದ ಸರಾಸರಿ ಬೆಲೆ ಹಾಕಿ ಮತ್ತೆ ಓಡಿಸಿ. ರಾತ್ರಿ ಲಾಭ ಕುಸಿದು ಹಗಲಿನ ನಷ್ಟವೂ ಅಷ್ಟೇ ಕರಗಿದರೆ, ಆ ಭಾಗ ನಿಮ್ಮ ಕೈಗೆ ಬರೋ ದುಡ್ಡಲ್ಲ.

ಡೇಟಾದಲ್ಲಿ `Adj Close` ಒಂದೇ ಡಿವಿಡೆಂಡ್‌ಗೆ ಹೊಂದಿಸಿದ್ದು, ಓಪನ್ ಹಾಗೇ ಇದ್ದರೆ ಮೊದಲು ಇದನ್ನು ಸರಿಮಾಡಿ:

```
f     = AdjClose / Close
O2    = Open * f
night = ln(O2[t] / AdjClose[t-1])
day   = ln(AdjClose[t] / O2[t])
```

ಡಿವಿಡೆಂಡ್ ಕಡಿತ ಬೀಳೋದು ರಾತ್ರಿ ಭಾಗದ ಮೇಲೆ. 1,000ಕ್ಕೆ ಮುಗಿದ ಷೇರು 20 ರೂಪಾಯಿ ಡಿವಿಡೆಂಡ್ ಕಳೆದು 985ಕ್ಕೆ ತೆರೆದರೆ ರಾತ್ರಿ −1.5% ಅಲ್ಲ, +0.5%.

ಮಂಜು: ಮೇಡಂ ಡೇಟಾ ಎಲ್ಲಿ ಫ್ರೀ ಸಿಗುತ್ತೆ?

ಸುಮಾ: ಪಿನ್ ಮಾಡಿದ ಪೋಸ್ಟ್ ನೋಡಿ.

ಹರೀಶ್: ಫಾರ್ವರ್ಡ್ ಬಂದಿದೆ: "3:29ಕ್ಕೆ ನಿಫ್ಟಿ ಕೊಳ್ಳಿ, 9:16ಕ್ಕೆ ಮಾರಿ, ಮಲಗಿ ದುಡಿಯಿರಿ." ನಿಜವಾ?

ಸುಮಾ: ಇದನ್ನು ಎಷ್ಟು ಸಲ ಹಾಕ್ತೀರಪ್ಪಾ? 2024ರ ಜೂನ್ ನೋಡಿ. ಶನಿವಾರ ಸಂಜೆ ಎಕ್ಸಿಟ್ ಪೋಲ್ ಬಂತು; ಸೋಮವಾರ, 3ನೇ ತಾರೀಕು, ನಿಫ್ಟಿ ಸುಮಾರು 3.6% ಮೇಲೆ ತೆರೆದು ಹಗಲಲ್ಲಿ 0.3% ಇಳಿಯಿತು. ಮರುದಿನ ಮತ ಎಣಿಕೆ ನಡೆದದ್ದು ಮಾರುಕಟ್ಟೆ ತೆರೆದಿದ್ದಾಗ. ಆ ರಾತ್ರಿಯ ಇಳಿಕೆ 0.4% ಕೂಡ ಇಲ್ಲ, ಹಗಲಿನದು ಸುಮಾರು 5.6%. ಸುದ್ದಿ ಬಂದ ಹೊತ್ತಿಗೆ ಲಾಭ ನಷ್ಟ ಬಿದ್ದಿದೆ. ಇಂಥ ಎರಡು ದಿನ ತೆಗೆದರೆ ಸರಾಸರಿ ಎಷ್ಟು ಉಳಿಯುತ್ತೆ ಅಂತ ಫಾರ್ವರ್ಡ್ ಮಾಡಿದವರನ್ನೇ ಕೇಳಿ.

ಗಿರಿಜಾ: ನನ್ನ ಹತ್ರ ಒಂದು ಬ್ಯಾಂಕ್ ಷೇರು 40% ಕೆಳಗಿದೆ. ರಾತ್ರಿ ಇಟ್ಕೊಳ್ಳಲಾ, ಮಾರಲಾ?

ಕಿರಣ್: ಓಡಿಸಿದೆ ಮೇಡಂ. ರಾತ್ರಿ +0.07%, ಹಗಲು −0.01%.

ಸುಮಾ: ಅಂದರೆ 0.04 ಓಪನ್ ಬೆಲೆಯ ಆಟ. ಉಳಿದ 0.07 ನಿಜ ಅಂತಲೇ ಇಟ್ಕೊಳ್ಳಿ. ಸಂಜೆ ಕೊಂಡು ಬೆಳಿಗ್ಗೆ ಮಾರಿದರೆ ಅದು ಡೆಲಿವರಿ ಲೆಕ್ಕ: ಎಸ್‌ಟಿಟಿ ಅನ್ನೋ ವಹಿವಾಟು ತೆರಿಗೆ ಕೊಳ್ಳುವಾಗ 0.1%, ಮಾರುವಾಗ 0.1%, ಸ್ಟ್ಯಾಂಪ್ ಡ್ಯೂಟಿ 0.015%. ಬ್ರೋಕರೇಜ್ ಸೇರಿಸದೆಯೇ ರಾತ್ರಿಗೆ 0.215% ಖರ್ಚು, 0.07% ಗಳಿಕೆ. ದಿನಾ ಮಾಡಿದರೆ ಬಂಡವಾಳ ಕರಗುತ್ತೆ.

ಆದರೆ ಈ ವಿಂಗಡಣೆ ವ್ಯರ್ಥವಲ್ಲ. ಹೇಗೂ ತಿಂಗಳಿಗೊಮ್ಮೆ ಷೇರು ಬದಲಿಸ್ತೀರಿ. ಹೊಸದನ್ನು ಸಂಜೆ ಕೊಳ್ಳಿ, ಹಳೆಯದನ್ನು ಬೆಳಿಗ್ಗೆ 9:30ರ ನಂತರ ಮಾರಿ. ಹೆಚ್ಚುವರಿ ತೆರಿಗೆಯಿಲ್ಲದೆ ಪ್ರತಿ ಬದಲಾವಣೆಗೆ ಒಂದೊಂದು ರಾತ್ರಿ ಸಿಗುತ್ತೆ.

ಪ್ರಸಾದ್: ಡೆಲಿವರಿ ಯಾಕೆ? ಫ್ಯೂಚರ್ಸ್‌ನಲ್ಲಿ ಎಸ್‌ಟಿಟಿ ಮಾರುವಾಗ ಮಾತ್ರ. ಮೇಡಂ ಇದನ್ನು ಹೇಳಲೇ ಇಲ್ಲ. ಮತ್ತೆ ಕ್ಲೋಸ್ ಅಂದ್ರೆ 3:30ರ ಕೊನೆಯ ವಹಿವಾಟು, ಅದರಲ್ಲಿ ತಪ್ಪೇನೂ ಬರಲ್ಲ.

ನಾಗರಾಜ್: ಎಸ್‌ಟಿಟಿ ಸರಿ, ಎರಡನೆಯದು ತಪ್ಪು. ಎನ್‌ಎಸ್‌ಇ ಡೇಟಾದ ಕ್ಲೋಸ್ 3:00ರಿಂದ 3:30ರ ವಹಿವಾಟಿನ ತೂಕದ ಸರಾಸರಿ. ಕೊನೆ ಹತ್ತು ನಿಮಿಷದ ಏರಿಕೆ ನಿಮ್ಮ ಲೆಕ್ಕದಲ್ಲಿ ರಾತ್ರಿಗೆ ಸೇರಿಬಿಡುತ್ತೆ.

ಪ್ರಸಾದ್: ದೊಡ್ಡ ಷೇರಲ್ಲಿ ಅದೆಷ್ಟು ವ್ಯತ್ಯಾಸ ಆಗುತ್ತೆ ಬಿಡ್ರಿ.

ನಾಗರಾಜ್: ಮೇಲೆ 0.04ಕ್ಕೆ ಇಷ್ಟುದ್ದ ಚರ್ಚೆ ಆಯ್ತು, ಓದಿದ್ರಾ? ಮತ್ತೆ ಆ 20ರಲ್ಲಿ ಎಷ್ಟಕ್ಕೆ ಫ್ಯೂಚರ್ಸ್ ಇದೆ ಅಂತ ಮೊದಲು ಕೇಳಿ.

ಪ್ರಸಾದ್: ನೀವೇನು ಮೇಡಂ ಅವರ ವಕೀಲರಾ?

ಸುಮಾ: ಜಗಳ ಬೇರೆ ಕಡೆ. ಕಿರಣ್, ನಾಗರಾಜ್ ಹೇಳಿದ್ದು ಸರಿ. ಕ್ಲೋಸ್ ಬದಲು 3:25ರ ಬೆಲೆ ಹಾಕಿ ಇನ್ನೊಮ್ಮೆ ಓಡಿಸಿ. ಷೇರು ಆರಿಸೋಕೂ ಅದೇ ಬೆಲೆ ಬಳಸಿ. ಕ್ಲೋಸ್ ನೋಡಿ ಆರಿಸಿ ಅದೇ ಕ್ಲೋಸ್‌ಗೆ ಕೊಂಡಂತೆ ಬರೆದರೆ ಆ ಟೆಸ್ಟ್ ಕಸದ ಬುಟ್ಟಿಗೆ.

ಕಿರಣ್: 2 ವರ್ಷದ ನಿಮಿಷದ ಡೇಟಾ ಮಾತ್ರ ಇದೆ, ಸಾಕಾ?

ಸುಮಾ: ಸಾಲದು. 20 ಷೇರಿನ ರಾತ್ರಿ ಏರಿಳಿತ 0.7% ಅಂದ್ಕೊಳ್ಳಿ. 500 ರಾತ್ರಿಯ ಸರಾಸರಿಯಲ್ಲಿ 0.03% ಆಚೀಚೆ ಆಗೋದು ಮಾಮೂಲು. ನಿಮ್ಮ 0.07 ಅದರ ಎರಡೂಕಾಲು ಪಟ್ಟು ಅಷ್ಟೇ.

ಮಂಜು: ಮೇಡಂ, ಪಿನ್ ಪೋಸ್ಟ್ ಓಪನ್ ಆಗ್ತಿಲ್ಲ.

ಪ್ರಸಾದ್: ಫ್ಯೂಚರ್ಸ್ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.