ಹೊಲದ ಆದಾಯಕ್ಕೆ ತೆರಿಗೆ ಇಲ್ಲ ಅಂದರು, ಹಾಗಾದರೆ ಈ 41,600 ಯಾವುದಕ್ಕೆ?

ಕೇಳಿದವರು, ಹುಬ್ಬಳ್ಳಿ:
ನಾನು ಇಲ್ಲಿ ಕಂಪನಿಯೊಂದರಲ್ಲಿ ನೌಕರಿಯಲ್ಲಿದ್ದೇನೆ. 2025-26ರಲ್ಲಿ ಸಂಬಳ 12.75 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದವರಿಗೆ ಬಿಡುವ 75,000 ಕಳೆದರೆ ಸರಿಯಾಗಿ 12 ಲಕ್ಷ, ತೆರಿಗೆ ಸೊನ್ನೆ ಅಂತ ನೆಮ್ಮದಿಯಾಗಿದ್ದೆ. ಬ್ಯಾಡಗಿ ತಾಲೂಕಿನಲ್ಲಿ ನಮ್ಮ ಹೊಲ ಇದೆ. ಮೆಣಸಿನಕಾಯಿಯಿಂದ ನನಗೆ 4 ಲಕ್ಷ ಬಂತು. ಅದನ್ನು ರಿಟರ್ನಿನಲ್ಲಿ ತುಂಬಿದ ಕೂಡಲೇ 41,600 ಕಟ್ಟಿ ಅಂತ ಬಂತು. ಬೆಳೆಗೆ ತೆರಿಗೆ ಇಲ್ಲ ಅಲ್ವಾ? ಅದನ್ನು ತೋರಿಸದೇ ಬಿಟ್ಟರೆ ಏನಾಗುತ್ತದೆ? ಗೊತ್ತಿದ್ದವರು ಹೇಳಿ.

ಧಾರವಾಡದ ಬ್ಯಾಂಕ್ ನೌಕರ:
ಸರ್, ಇದರಲ್ಲಿ ಗೊಂದಲ ಏನಿಲ್ಲ. 12 ಲಕ್ಷದ ಗೆರೆ ದಾಟಿದರೆ ರಿಬೇಟ್, ಅಂದರೆ ತೆರಿಗೆಯಲ್ಲೇ ಬಿಟ್ಟುಕೊಡುವ ಮೊತ್ತ, ಹೋಗುತ್ತದೆ. ಹೊಲದ್ದೂ ಸೇರಿ ನಿಮ್ಮದು 16 ಲಕ್ಷ ಆಯಿತು. ಗೆರೆ ದಾಟಿದಿರಿ, ಅದಕ್ಕೇ ಕಟ್ಟಬೇಕಾಗಿ ಬಂತು. ನನ್ನ ಷಡ್ಡಕನಿಗೂ ಹೋದ ವರ್ಷ ಹೀಗೇ ಆಗಿತ್ತು.

ಹುಬ್ಬಳ್ಳಿಯ ತೆರಿಗೆ ಸಲಹೆಗಾರರ ಬಳಿ 22 ವರ್ಷ ಕೆಲಸ ಮಾಡಿದವರು:
ತಮ್ಮಾ, ಅರ್ಧ ಸರಿ ಹೇಳಿದೆ. ಹೊಲದ್ದು ಸೇರಿಸಿ ಲೆಕ್ಕ ಹಾಕುತ್ತಾರೆ, ಅದು ನಿಜ. ಆದರೆ ರಿಬೇಟ್ ಹೋಗಿಲ್ಲ. ಹೋಗಿದ್ದರೆ ಇವರಿಗೆ 1,04,000 ಕೇಳುತ್ತಿತ್ತು. ರಿಬೇಟಿನ 12 ಲಕ್ಷದ ಗೆರೆಗೆ ಒಟ್ಟು ಆದಾಯವನ್ನಷ್ಟೇ ನೋಡುತ್ತಾರೆ. ಹೊಲದ ಆದಾಯ ಆ ಒಟ್ಟಿನಲ್ಲಿ ಬರುವುದೇ ಇಲ್ಲ. ದರ ಎಷ್ಟು ಅಂತ ನೋಡುವಾಗ ಮಾತ್ರ ಅದು ಬರುತ್ತದೆ.

ಕೇಳಿದವರಿಗೆ ಲೆಕ್ಕ ಬಿಡಿಸಿ ಹೇಳುತ್ತೇನೆ. ಗೋದಾಮಿನಲ್ಲಿ ಚೀಲ ಒಟ್ಟಿದ ಹಾಗೆ ಯೋಚನೆ ಮಾಡಿ. ಕೆಳಗಿನ ಸಾಲು 4 ಲಕ್ಷದವರೆಗೆ, ಅದಕ್ಕೆ ತೆರಿಗೆ ಇಲ್ಲ. 4ರಿಂದ 8ರವರೆಗೆ ಶೇ. 5. 8ರಿಂದ 12ರವರೆಗೆ ಶೇ. 10. 12ರಿಂದ 16ರವರೆಗೆ ಶೇ. 15. ಮೇಲೆ ಹೋದಷ್ಟೂ ದರ ಜಾಸ್ತಿ.

ಬರೀ ಸಂಬಳ ಇದ್ದಿದ್ದರೆ ನಿಮ್ಮ ಮೊದಲ 4 ಲಕ್ಷ ಕೆಳಗಿನ ಸಾಲಿನಲ್ಲಿ, ಉಳಿದ 8 ಲಕ್ಷ ಮುಂದಿನ ಎರಡು ಸಾಲಿನಲ್ಲಿ ಕೂರುತ್ತಿತ್ತು. ಆಗ 20,000 ಮತ್ತು 40,000 ಸೇರಿ 60,000 ತೆರಿಗೆ. ರಿಬೇಟೂ 60,000. ಸೊನ್ನೆ ಆಗುವುದು ಹೀಗೆ.

ಈಗ ಹೊಲದ 4 ಲಕ್ಷ ಬಂತು. ಅದನ್ನು ಮೇಲೆ ಇಡುವುದಿಲ್ಲ, ನಡುವೆ ತೂರಿಸುತ್ತಾರೆ. ತೆರಿಗೆ ಇಲ್ಲದ 4 ಲಕ್ಷದ ಮೇಲೆ ಹೊಲದ 4 ಲಕ್ಷ ಕೂತು ಶೇ. 5ರ ಸಾಲನ್ನು ಪೂರ್ತಿ ತುಂಬಿಬಿಡುತ್ತದೆ. ನಿಮ್ಮ ಸಂಬಳದ ಆ 8 ಲಕ್ಷ ಒಂದು ಸಾಲು ಮೇಲೇರುತ್ತದೆ. ಶೇ. 10ರ ಸಾಲಿನಲ್ಲಿ 40,000, ಶೇ. 15ರ ಸಾಲಿನಲ್ಲಿ 60,000, ಒಟ್ಟು 1,00,000. ಅದರಲ್ಲಿ ರಿಬೇಟ್ 60,000 ಕಳೆಯಿರಿ. ಉಳಿದ 40,000ಕ್ಕೆ ಶೇ. 4 ಸೆಸ್ 1,600. ನಿಮ್ಮ 41,600 ಬಂತು ನೋಡಿ.

ಕಾನೂನಿನಲ್ಲಿ ಇದನ್ನೇ ಬೇರೆ ರೀತಿ ಬರೆದಿದ್ದಾರೆ. ಮೊದಲು 16 ಲಕ್ಷಕ್ಕೆ ತೆರಿಗೆ ಹಾಕು, ಅದು 1,20,000. ಆಮೇಲೆ ಹೊಲದ 4 ಮತ್ತು ವಿನಾಯಿತಿಯ 4 ಸೇರಿಸಿ 8 ಲಕ್ಷಕ್ಕೆ ತೆರಿಗೆ ಹಾಕು, ಅದು 20,000. ಎರಡನೆಯದನ್ನು ಮೊದಲನೆಯದರಲ್ಲಿ ಕಳೆ. ಅದೇ 1,00,000. ಆ 20,000 ಕಳೆಯುವುದೇ ಬೆಳೆಗೆ ಕೊಟ್ಟ ವಿನಾಯಿತಿ. ಮೆಣಸಿನಕಾಯಿಯ ಮೇಲೆ ಒಂದು ಪೈಸೆ ಹಾಕಿಲ್ಲ. ಸಂಬಳದ ದರ ಏರಿದೆ, ಅಷ್ಟೇ.

ಗದಗ ಜಿಲ್ಲೆಯ ರೈತ, ಅಂಗಡಿಯೂ ಇದೆ:
ಇದನ್ನು ಓದಿ ಗಾಬರಿ ಆಯಿತು. ನಮ್ಮದು ಉಳ್ಳಾಗಡ್ಡಿ, ಹತ್ತಿ. ಒಳ್ಳೆಯ ವರ್ಷ ಖರ್ಚು ಕಳೆದು 9 ಲಕ್ಷ ಉಳಿದದ್ದೂ ಇದೆ. ಜೊತೆಗೆ ಕಿರಾಣಿ ಅಂಗಡಿಯಿಂದ ವರ್ಷಕ್ಕೆ 3.2 ಲಕ್ಷ ಲಾಭ. ನಾನು ಇವತ್ತಿನವರೆಗೂ ಏನೂ ಕಟ್ಟಿಲ್ಲ. ತಪ್ಪು ಮಾಡಿದ್ದೇನಾ?

22 ವರ್ಷ ಕೆಲಸ ಮಾಡಿದವರು:
ಗಾಬರಿ ಬೇಡ ರೀ. ಈ ಲೆಕ್ಕ ಶುರುವಾಗಲು ಎರಡೂ ಇರಬೇಕು. ಹೊಲದ ನಿವ್ವಳ ಆದಾಯ 5,000 ದಾಟಿರಬೇಕು, ಉಳಿದ ಆದಾಯ ವಿನಾಯಿತಿ ಮಿತಿಯನ್ನು, ಅಂದರೆ ಈಗಿನ ಹೊಸ ಪದ್ಧತಿಯಲ್ಲಿ 4 ಲಕ್ಷವನ್ನು, ದಾಟಿರಬೇಕು. ನಿಮ್ಮ ಅಂಗಡಿಯದು 3.2 ಲಕ್ಷ. ಹೊಲದಲ್ಲಿ 9 ಬಂದರೂ 19 ಬಂದರೂ ನಿಮಗೆ ತೆರಿಗೆ ಇಲ್ಲ. ಅಂಗಡಿಯ ಲಾಭ 4 ಲಕ್ಷ ದಾಟಿದ ವರ್ಷ ಮಾತ್ರ ಬಂದು ಕೇಳಿ.

ರಾಣೆಬೆನ್ನೂರಿನ ಗೃಹಿಣಿ:
ನಮ್ಮ ಮಾವನವರು ಊರ ಹೊರಗಿನ ಎರಡು ಎಕರೆ ಮಾರಿದರು. ಆ ದುಡ್ಡೂ ಹೊಲದ ಆದಾಯ ಅಲ್ವಾ? ಇದೇ ರೀತಿ ಸೇರಿಸಬೇಕಾ?

22 ವರ್ಷ ಕೆಲಸ ಮಾಡಿದವರು:
ಅಕ್ಕಾ, ಅದು ಬೇರೆಯೇ ವಿಷಯ. ಹೊಲದಲ್ಲಿ ಬೆಳೆದದ್ದು ಬೇರೆ, ಹೊಲವನ್ನೇ ಮಾರಿದ್ದು ಬೇರೆ. ಮಾರಾಟದಲ್ಲಿ ಆ ಜಮೀನು ನಗರಸಭೆಯ ಗಡಿಯಿಂದ ಎಷ್ಟು ಕಿಲೋಮೀಟರ್ ದೂರ ಅನ್ನುವುದು ಮುಖ್ಯ. ಅಳತೆಯ ಕಾಗದ ಹಿಡಿದುಕೊಂಡು ಒಬ್ಬ ಸಿಎ ಹತ್ತಿರ ಹೋಗಿ. ಆದರೆ ಹೊಲ ಲಾವಣಿಗೆ ಕೊಟ್ಟು ಬಂದ ಹಣ ಇದ್ದರೆ ಅದು ಹೊಲದ ಆದಾಯವೇ, ಅದನ್ನು ಇದೇ ರೀತಿ ಸೇರಿಸಬೇಕು.

ಧಾರವಾಡದ ಕಾಲೇಜು ಉಪನ್ಯಾಸಕಿ:
ಕೇಳಿದವರು "4 ಲಕ್ಷ ಬಂತು" ಅಂದಿದ್ದಾರೆ. ಅದು ಕೈಗೆ ಬಂದದ್ದೋ, ಉಳಿದದ್ದೋ? ನಾನು ಎರಡು ವರ್ಷದ ಹಿಂದೆ ಇಲ್ಲೇ ಎಡವಿದೆ. ಎಪಿಎಂಸಿಯ ದಲಾಲಿ ಅಂಗಡಿಯವರು ಕೊಟ್ಟ ಪಟ್ಟಿಗಳನ್ನೆಲ್ಲ ಕೂಡಿಸಿ ಆ ಮೊತ್ತವನ್ನೇ ಬರೆದುಬಿಟ್ಟೆ. ಖರ್ಚಿನ ಕಾಲಂ ಖಾಲಿ ಬಿಟ್ಟಿದ್ದೆ. ದರಕ್ಕೆ ಸೇರುವುದು ನಿವ್ವಳ ಮಾತ್ರ. ಬೀಜ, ಗೊಬ್ಬರ, ಔಷಧಿ, ಟ್ರ್ಯಾಕ್ಟರ್ ಬಾಡಿಗೆ, ಬಿಡಿಸುವ ಆಳಿನ ಕೂಲಿ, ಕಣದಲ್ಲಿ ಒಣಗಿಸಿ ತೊಟ್ಟು ತೆಗೆಯುವ ಕೂಲಿ, ಚೀಲ, ಗಾಡಿ ಬಾಡಿಗೆ, ಬೆಳೆಸಾಲದ ಬಡ್ಡಿ, ಎಲ್ಲ ಕಳೆಯಬಹುದು. ಮೆಣಸಿನಕಾಯಿಯಲ್ಲಿ ಕೂಲಿಯೇ ಎಷ್ಟೊಂದು ತಿನ್ನುತ್ತದೆ ಅಂತ ನಿಮಗೆ ಗೊತ್ತೇ ಇದೆ.

ನನಗೆ ಗೊತ್ತಾದದ್ದು ತಡವಾಗಿ. ಪರಿಷ್ಕೃತ ರಿಟರ್ನ್ ಹಾಕಿ ಸರಿ ಮಾಡಿದೆ. ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕೂಲಿ ಕೊಟ್ಟ ದಿನವೇ ತಾರೀಕು, ಎಷ್ಟು ಆಳು, ಎಷ್ಟು ಕೊಟ್ಟೆ ಅಂತ ಬರೆದು ಸಹಿ ಹಾಕಿಸುತ್ತೇನೆ. ಆಳಿಗೆ ರಸೀದಿ ಸಿಗುವುದಿಲ್ಲ, ಆ ಪುಸ್ತಕವೇ ಆಧಾರ.

ಹಾವೇರಿಯ ಗುತ್ತಿಗೆದಾರ:
ಖರ್ಚು ಗಿರ್ಚು ಬಿಡಿ. ತೋರಿಸದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಹೊಲಕ್ಕೆ ತೆರಿಗೆ ಹಾಕುವ ಅಧಿಕಾರವೇ ಕೇಂದ್ರಕ್ಕೆ ಇಲ್ಲ. ಸಂವಿಧಾನದಲ್ಲೇ ಅದು ರಾಜ್ಯದ ಪಾಲು. ಹಿಂಬಾಗಿಲಿನಿಂದ ವಸೂಲಿ ಮಾಡುತ್ತಿದ್ದಾರೆ.

22 ವರ್ಷ ಕೆಲಸ ಮಾಡಿದವರು:
ಅಧಿಕಾರದ ಮಾತು ಸರಿ ಇದೆ. 1935ರ ಕಾಯ್ದೆಯ ಕಾಲದಿಂದ ಹೊಲದ ಆದಾಯದ ತೆರಿಗೆ ಪ್ರಾಂತ್ಯಗಳದ್ದು. ಸಂವಿಧಾನದಲ್ಲೂ ಅದು ರಾಜ್ಯ ಪಟ್ಟಿಯಲ್ಲಿದೆ. ಅದಕ್ಕೇ ಕೇಂದ್ರ ಬೆಳೆಯ ಮೇಲೆ ತೆರಿಗೆ ಹಾಕುವುದಿಲ್ಲ. ಆದರೆ ಸಂಬಳಕ್ಕೆ ಯಾವ ದರ ಅಂತ ಗೊತ್ತು ಮಾಡುವುದು ಕೇಂದ್ರದ ಕೈಯಲ್ಲೇ ಇದೆ.

1972ರಲ್ಲಿ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ಸಮಿತಿ ಈ ಪ್ರಶ್ನೆಯನ್ನು ನೋಡಿತು. ಈಗಿನ ಅಂಕಿಯಲ್ಲಿ ಹೇಳುವುದಾದರೆ, ಒಬ್ಬರಿಗೆ 16 ಲಕ್ಷ ಪೂರ್ತಿ ಸಂಬಳ. ಇನ್ನೊಬ್ಬರಿಗೆ 12 ಸಂಬಳ, 4 ಹೊಲ. ಇಬ್ಬರ ಮನೆಗೂ ಬರುವುದು 16 ಲಕ್ಷವೇ. ಎರಡನೆಯವರಿಗೆ ಬೆಳೆಯ ವಿನಾಯಿತಿಯೂ ಸಿಕ್ಕು, ಕೆಳಗಿನ ದರದ ಲಾಭವೂ ಪೂರ್ತಿ ಸಿಗುತ್ತಿತ್ತು. ಜೊತೆಗೆ ಬೇರೆ ಆದಾಯವನ್ನು ಹೊಲದ್ದು ಅಂತ ತೋರಿಸುವವರೂ ಇದ್ದರು. ದರಕ್ಕಷ್ಟೇ ಸೇರಿಸಿ ಅಂತ ಸಮಿತಿ ಹೇಳಿತು. 1973ರ ಹಣಕಾಸು ಕಾಯ್ದೆಯಿಂದ ಇದು ನಡೆದುಬಂದಿದೆ.

ಮುಚ್ಚಿಡುವ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ನಮ್ಮಲ್ಲಿಗೆ ಬಂದ ಒಬ್ಬರು ಹೊಲದ್ದನ್ನು ಯಾವ ವರ್ಷವೂ ತೋರಿಸಿರಲಿಲ್ಲ. ಆಮೇಲೆ ಮನೆ ಕಟ್ಟಲು ದೊಡ್ಡ ಮೊತ್ತ ನಗದಾಗಿ ಬ್ಯಾಂಕಿಗೆ ಹಾಕಿದರು. ಎಲ್ಲಿಂದ ಬಂತು ಅಂತ ನೋಟಿಸ್ ಬಂತು. ಬೆಳೆಯದ್ದು ಅಂದರು. ಹಾಗಾದರೆ ರಿಟರ್ನಿನಲ್ಲಿ ಯಾಕಿಲ್ಲ ಅಂತ ಕೇಳಿದರು. ಹಳೆಯ ಪಟ್ಟಿ ಹುಡುಕುವುದರಲ್ಲೇ ಅವರಿಗೆ ಆರು ತಿಂಗಳು ಹೋಯಿತು. ಪಹಣಿಯಲ್ಲಿ ಆ ವರ್ಷ ಬೇರೆಯೇ ಬೆಳೆ ನಮೂದಾಗಿತ್ತು, ಅದು ಇನ್ನೊಂದು ತಲೆನೋವು.

ಹಾವೇರಿಯ ಗುತ್ತಿಗೆದಾರ:
ಕಾಗದ ಇರಬೇಕು ಅನ್ನುವುದನ್ನು ಒಪ್ಪುತ್ತೇನೆ ಅಣ್ಣಾ. ಆದರೆ ಹೊಲ ಇಲ್ಲದಿದ್ದರೆ ಇವರು ಸೊನ್ನೆ ಕಟ್ಟುತ್ತಿದ್ದರು, ಹೊಲ ಇದ್ದದ್ದಕ್ಕೆ 41,600. ಯಾವ ಹೆಸರಿಟ್ಟರೂ ನನ್ನ ಕಣ್ಣಿಗೆ ಅದು ಹೊಲದ ತೆರಿಗೆಯೇ.

ನವಲಗುಂದದ ಶಿಕ್ಷಕ:
ಒಂದು ಸೇರಿಸುತ್ತೇನೆ. ಹೊಲದ್ದು 5,000 ದಾಟಿದರೆ ಐಟಿಆರ್-1 ಅನ್ನುವ ರಿಟರ್ನ್ ಫಾರ್ಮ್ ನಡೆಯುವುದಿಲ್ಲ. ಸಂಬಳದವರು ಐಟಿಆರ್-2 ತುಂಬಬೇಕು. ಅದರಲ್ಲಿ ತೆರಿಗೆ ಇಲ್ಲದ ಆದಾಯ ಬರೆಯಲು Schedule EI ಅಂತ ಬರುತ್ತದೆ, ಒಟ್ಟು ಬಂದದ್ದು, ಖರ್ಚು, ಹಿಂದಿನ ನಷ್ಟ, ಎಲ್ಲಕ್ಕೂ ಬೇರೆ ಬೇರೆ ಜಾಗ ಇದೆ. ನಿವ್ವಳ 5 ಲಕ್ಷ ದಾಟಿದರೆ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಲಾವಣಿಯದ್ದೋ, ನೀರಾವರಿಯೋ ಮಳೆ ಆಶ್ರಿತವೋ ಅಂತಲೂ ಕೇಳುತ್ತದೆ.

ಆ ನಷ್ಟದ ಜಾಗ ಮರೆಯಬೇಡಿ. ಮಳೆ ಕೈಕೊಟ್ಟ ವರ್ಷ ನನಗೆ ಹೆಸರು, ಹತ್ತಿ ಎರಡರಲ್ಲೂ ಕೈಯಿಂದ ಹೋಯಿತು. ಆ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ. ಆದರೆ ಮುಂದಿನ 8 ವರ್ಷದೊಳಗೆ ಬರುವ ಹೊಲದ ಆದಾಯದಲ್ಲಿ ಕಳೆಯಬಹುದು. ನಷ್ಟದ ವರ್ಷವೂ ರಿಟರ್ನಿನಲ್ಲಿ ತೋರಿಸಿದ್ದರಿಂದ ನನಗೆ ಅನುಕೂಲವಾಯಿತು.

22 ವರ್ಷ ಕೆಲಸ ಮಾಡಿದವರು:
ಮಾಸ್ತರು ಚೆನ್ನಾಗಿ ಹೇಳಿದರು. ಇನ್ನೊಂದು ಮಾತು, ಕಂಪನಿಯವರು ಟಿಡಿಎಸ್ ಹಿಡಿಯುವಾಗ ನಿಮ್ಮ ಹೊಲ ಅವರ ಲೆಕ್ಕದಲ್ಲಿ ಇರುವುದಿಲ್ಲ. ಕಟ್ಟಬೇಕಾದ್ದು 10,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮುಂಗಡ ತೆರಿಗೆ ಕಟ್ಟಿರಬೇಕು. ಕಟ್ಟಿಲ್ಲವಾದರೆ ತಿಂಗಳಿಗೆ ಶೇ. 1ರಂತೆ ಬಡ್ಡಿ ಬೀಳುತ್ತದೆ. ಹಾಗಾಗಿ 41,600ರ ಮೇಲೂ ಸ್ವಲ್ಪ ಬರುತ್ತದೆ, ತಡ ಮಾಡಬೇಡಿ. ಮುಂದಿನ ಸಲ ಮಾರ್ಚ್ 15ರೊಳಗೆ ಅಂದಾಜು ಮಾಡಿ ಕಟ್ಟಿಬಿಡಿ. ಅಷ್ಟರೊಳಗೆ ಬ್ಯಾಡಗಿ ಪೇಟೆಯಲ್ಲಿ ನಿಮ್ಮ ಮೊದಲ ಬಿಡಿಸಿದ ಮಾಲಿಗೆ ಏನು ದರ ಸಿಕ್ಕಿತು ಅನ್ನುವುದಾದರೂ ಗೊತ್ತಿರುತ್ತದೆ.

ಅಂದಹಾಗೆ, ಪಹಣಿ ಯಾರ ಹೆಸರಿನಲ್ಲಿದೆ?

ಕೇಳಿದವರು, ಹುಬ್ಬಳ್ಳಿ:
ಎಲ್ಲರಿಗೂ ಧನ್ಯವಾದ ರೀ. ಉಪನ್ಯಾಸಕಿ ಅಕ್ಕನವರು ಕೇಳಿದ ಮೇಲೆ ಕಾಗದ ತೆಗೆದು ನೋಡಿದೆ. ಗೊಬ್ಬರ, ಔಷಧಿ ಕಳೆದಿದ್ದೆ. ಬಿಡಿಸುವ ಕೂಲಿ ಮತ್ತು ಕಣದ ಕೂಲಿ ಅಣ್ಣ ಕೊಟ್ಟಿದ್ದ, ಅದರಲ್ಲಿ ನನ್ನ ಪಾಲು 1 ಲಕ್ಷ ಬಿಟ್ಟುಹೋಗಿತ್ತು. ನಿವ್ವಳ 3 ಲಕ್ಷ. ನೀವು ಹೇಳಿದಂತೆ ಚೀಲ ಒಟ್ಟಿ ನೋಡಿದೆ. ಸಂಬಳದ 8 ಲಕ್ಷ ಈಗ 7ರಿಂದ 15ರವರೆಗೆ ಕೂರುತ್ತದೆ. 5,000, 40,000, 45,000. ಒಟ್ಟು 90,000. ರಿಬೇಟ್ ಹೋಗಿ 30,000, ಸೆಸ್ ಸೇರಿ 31,200.

ಪಹಣಿ ಇನ್ನೂ ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿದೆ. ವಾಟ್ನಿ ಬಾಯಿಮಾತಿನಲ್ಲಿ ಆಗಿದೆ, ಕಾಗದ ಆಗಿಲ್ಲ. ನನ್ನ ಪಾಲನ್ನಷ್ಟೇ ನಾನು ತೋರಿಸಿದ್ದೇನೆ. ಅದು ಸರಿಯೇ, ಇಲ್ಲಾ ಕುಟುಂಬದ ಆದಾಯ ಅಂತ ಬೇರೆ ತೋರಿಸಬೇಕೇ?

22 ವರ್ಷ ಕೆಲಸ ಮಾಡಿದವರು:
31,200 ಸರಿ ಇದೆ. ಜಂಟಿ ಖಾತೆಯ ವಿಷಯ ಇಲ್ಲಿ ಕೂತು ಹೇಳುವಂಥದ್ದಲ್ಲ. ಜಮೀನು ನಿಮ್ಮ ತಂದೆಗೆ ಹೇಗೆ ಬಂತು, ಅವರಿಂದ ನಿಮಗೆ ಹೇಗೆ ಬಂತು ಅನ್ನುವುದರ ಮೇಲೆ ನಿಂತಿದೆ. ಹಳೆಯ ಉತಾರಗಳನ್ನು ತೆಗೆಸಿಕೊಂಡು, ಅಣ್ಣನನ್ನೂ ಕರೆದುಕೊಂಡು ಸಿಎ ಹತ್ತಿರ ಹೋಗಿ. ಮೂವರೂ ಒಂದೇ ರೀತಿ ತೋರಿಸಬೇಕು, ಒಬ್ಬೊಬ್ಬರದು ಒಂದೊಂದು ರೀತಿ ಆಗಬಾರದು.

ಕೇಳಿದವರು, ಹುಬ್ಬಳ್ಳಿ:
ಸೋಮವಾರ ಅಣ್ಣ ಬರುತ್ತಾನೆ. ಹೋಗಿ ಬಂದು ಇಲ್ಲೇ ಬರೆಯುತ್ತೇನೆ.