ಬಿಸಿ ಸಾರು ಯಾವುದರ ಮೇಲೆ ಬಡಿಸಬಹುದು? ಬಾಳೆ ಎಲೆ, ಅಡಿಕೆ ಹಾಳೆ, ಬಿದಿರು, ಸ್ಟೀಲ್

ಪ್ರಶ್ನೆ: ಮನೆಯಲ್ಲಿ ನಾಮಕರಣ, ಸುಮಾರು 80 ಜನ. ಬಾಳೆ ಎಲೆ ಅಷ್ಟು ಸಿಗೋದು ಡೌಟು. ಹಾಳೆ ತಟ್ಟೆ ತರೋಣ ಅಂದರೆ ತಂಗಿ ‘ಅಮೆರಿಕದಲ್ಲಿ ಅದನ್ನ ಬೇಡ ಅಂದಿದ್ದಾರೆ’ ಅಂತಾಳೆ. ಬದಲಿಗೆ ಬಿದಿರಿನದ್ದು ಅಂತ ಚೆಂದದ ಬಣ್ಣದ ತಟ್ಟೆ ತೋರಿಸಿದಳು. ಬಿಸಿಬಿಸಿ ಸಾರಿಗೆ ಯಾವುದು ಸರಿ ಮೇಡಂ?

ಆಹಾರ ಪರೀಕ್ಷಾ ಲ್ಯಾಬಿನವರು: ಮೊದಲು ಆ ಬಣ್ಣದ ತಟ್ಟೆಯನ್ನು ಪಕ್ಕಕ್ಕಿಡಿ. ನಾಲ್ಕರಲ್ಲಿ ನನಗೆ ಚಿಂತೆ ಇರುವುದು ಅದರದ್ದೇ. ಬಿದಿರು ಅಂತ ಮಾರುವ ನುಣುಪಾದ, ಗಟ್ಟಿ ತಟ್ಟೆಗಳಲ್ಲಿ ಎಷ್ಟೋ, ಬಿದಿರಿನ ಪುಡಿಯನ್ನು ಮೆಲಮೈನ್ ರಾಳದಲ್ಲಿ ಕಲಸಿ ಅಚ್ಚಿಗೆ ಹಾಕಿದವು. ಅಂದರೆ ಪ್ಲಾಸ್ಟಿಕ್ಕೇ. ಬಿಸಿ ಮತ್ತು ಹುಳಿ ಎರಡೂ ಸೇರಿದರೆ ಆ ರಾಳದಿಂದ ಮೆಲಮೈನ್, ಫಾರ್ಮಾಲ್ಡಿಹೈಡ್ ಊಟಕ್ಕೆ ಇಳಿಯುತ್ತವೆ. ಬಿದಿರಿನ ಪುಡಿ ಸೇರಿದ್ದರೆ ಬರೀ ಮೆಲಮೈನ್ ತಟ್ಟೆಗಿಂತ ಜಾಸ್ತಿ ಇಳಿಯಬಹುದು. ಜರ್ಮನಿಯ ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಬಿಎಫ್‌ಆರ್ 2020ರಲ್ಲೇ 70 ಡಿಗ್ರಿಗಿಂತ ಬಿಸಿಯಾದ ಆಹಾರಕ್ಕೆ ಇವು ಬೇಡ ಅಂದಿತ್ತು. ಒಲೆಯಿಂದ ಆಗಷ್ಟೇ ಬಕೆಟ್ಟಿಗೆ ಸುರಿದ ಸಾರು ಅದಕ್ಕಿಂತ ಬಿಸಿ ಇರುತ್ತದೆ, ಅದರಲ್ಲಿ ಹುಣಸೆ, ಟೊಮೆಟೊ ಬೇರೆ.

ಗುರುತು ಹಿಡಿಯುವುದು ಕಷ್ಟವಲ್ಲ. ಬಿದಿರಿನ ನಾರಿನ ಗೆರೆ ಎಲ್ಲೂ ಕಾಣುವುದಿಲ್ಲ. ಮೈಯೆಲ್ಲ ಒಂದೇ ಬಣ್ಣ, ಅಲ್ಲಲ್ಲಿ ಸಣ್ಣ ಚುಕ್ಕೆ. ಹಿಂದುಗಡೆ ಎಷ್ಟೋ ಸಲ ‘ಮೈಕ್ರೋವೇವ್‌ನಲ್ಲಿ ಇಡಬೇಡಿ’ ಅಂತ ಇರುತ್ತದೆ. ಬಳಸಿ ಬಳಸಿ ಹೊಳಪು ಹೋಗಿ ಅರಿಶಿನದ ಕಲೆ ಕೂತಿದ್ದರೆ ಮೇಲ್ಮೈ ಸವೆದಿದೆ ಅಂತಲೇ ಅರ್ಥ.

ಅಡುಗೆ ಕಂಟ್ರಾಕ್ಟರ್: ಬಾಳೆ ಎಲೆಗೆ ಬಿಸಿ ಬಿದ್ದರೇನೇ ಒಳ್ಳೆಯದು. ಎಲೆಯ ಔಷಧಿ ಗುಣ ಎಲ್ಲಾ ಅನ್ನಕ್ಕೆ ಇಳಿಯುತ್ತೆ. ಎಲೆ ಕಪ್ಪಾಗೋದೇ ಅದಕ್ಕೆ.

ಆಹಾರ ಪರೀಕ್ಷಾ ಲ್ಯಾಬಿನವರು: ಅರ್ಧ ಸರಿ ಅಣ್ಣಾ. ಎಲೆಯಲ್ಲಿ ಪಾಲಿಫಿನಾಲ್ ಅನ್ನುವ, ಮೈಗೆ ಒಳ್ಳೆಯದು ಅನ್ನುವ ಸಸ್ಯದ ಅಂಶ ಇರುವುದು ನಿಜ. ಆದರೆ ಮೇಲೆ ಮೇಣದ ಪದರ ಇದೆ, ಊಟ ಮುಗಿಯುವುದು ಹದಿನೈದು ಇಪ್ಪತ್ತು ನಿಮಿಷದಲ್ಲಿ. ಅಷ್ಟರಲ್ಲಿ ಇಳಿಯುವುದು ಔಷಧಿ ಆಗುವಷ್ಟು ಅಂತ ನಾನು ನಂಬುವುದಿಲ್ಲ. ಬಣ್ಣ ಕೆಡುವುದು ಬಿಸಿ, ಹುಳಿ ತಾಗಿ ಎಲೆಯ ಹಸಿರು ಕಂದಾಗುವುದರಿಂದ. ಬಿಸಿಗೆ ಎಲೆ ಹೆದರುವುದಿಲ್ಲ, ಅದೊಂದು ಮಾತು ಪೂರ್ತಿ ನಿಮ್ಮದೇ. ಹರಿದ ಎಲೆ ಮಾತ್ರ ಬೇಡ. ಗೆರೆಯ ಉದ್ದಕ್ಕೂ ಸೀಳಿ ಸಾರು ಕೆಳಗಿಳಿಯುತ್ತದೆ. ಎರಡೂ ಕಡೆ ತೊಳೆದು ಒರೆಸಿ ಹಾಸಿ.

ಪ್ರಶ್ನೆ ಕೇಳಿದವರು: ಹಾಳೆ ತಟ್ಟೆ ವಿಷಯ ಬಿಟ್ಟೇ ಹೋಯ್ತಲ್ಲ ಮೇಡಂ?

ಆಹಾರ ಪರೀಕ್ಷಾ ಲ್ಯಾಬಿನವರು: ಬೇಕಂತಲೇ ಕೊನೆಗೆ ಇಟ್ಟೆ. ನಿಮ್ಮ ತಂಗಿ ಹೇಳಿದ್ದು ಸುಳ್ಳಲ್ಲ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ, ಹಾಳೆಯಲ್ಲಿರುವ ಅರೆಕೊಲಿನ್‌ನಂಥ ಆಲ್ಕಲಾಯ್ಡ್‌ಗಳು, ಅಂದರೆ ಅಡಿಕೆಯಲ್ಲೂ ಇರುವ, ಮೈಗೆ ಹಾನಿ ಮಾಡಬಲ್ಲ ರಾಸಾಯನಿಕಗಳು, ಊಟಕ್ಕೆ ಇಳಿಯಬಹುದು, ಅದರಲ್ಲಿ ಬಡಿಸಬೇಡಿ ಅಂದಿತು. ಇಲ್ಲಿ ಬೆಳೆಗಾರರು ಒಪ್ಪಿಲ್ಲ. ಒಂದು ಊಟಕ್ಕೆ ಎಷ್ಟು ಇಳಿಯುತ್ತದೆ ಅನ್ನುವ ಪ್ರಶ್ನೆ ನನ್ನ ಲೆಕ್ಕದಲ್ಲಿ ಇನ್ನೂ ತೆರೆದೇ ಇದೆ. ಅದಕ್ಕೇ ಹಾಳೆಗೆ ಒಣ ತಿಂಡಿ ಮಾತ್ರ ಅನ್ನುತ್ತೇನೆ. ಬಿಸಿ, ನೀರು, ಹುಳಿ, ಹೊತ್ತು, ಈ ನಾಲ್ಕೂ ಸೇರಿದಷ್ಟೂ ಇಳಿಯುವುದು ಜಾಸ್ತಿ. ಸಾರು ಕಲಸಿದ ಅನ್ನದಲ್ಲಿ ನಾಲ್ಕೂ ಇವೆ.

ಅಂಟು, ಬಣ್ಣ ಏನೂ ಹಾಕದೆ, ಬಿದ್ದ ಹಾಳೆಯನ್ನು ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುವುದು ಅದರ ಒಳ್ಳೆಯ ಗುಣ. ಆದರೆ ಸರಿಯಾಗಿ ಒಣಗದೆ ಕಟ್ಟಿಟ್ಟಿದ್ದರೆ ಬೂಷ್ಟು ಬರುತ್ತದೆ. ತಗೊಳ್ಳುವಾಗ ಕಟ್ಟಿನ ನಡುವಿನ ತಟ್ಟೆ ಎಳೆದು ಮೂಸಿ ನೋಡಿ. ಮುಗ್ಗಲು ವಾಸನೆ ಇದ್ದರೆ ಅಥವಾ ಮಡಿಕೆಗಳಲ್ಲಿ ಬೂದು ಪುಡಿ ಕಂಡರೆ ಬೇಡ.

ಇನ್ನೊಬ್ಬರು: ನಮ್ಮನೆಯಲ್ಲಿ ಸ್ಟೀಲ್ ಡಬ್ಬಿಯಲ್ಲಿ ಉಪ್ಪಿನಕಾಯಿ ಇಟ್ಟು ತಳ ತೂತಾಯ್ತು. ಅಂದಮೇಲೆ ಸ್ಟೀಲೂ ಬೇಡ ಅಲ್ವಾ?

ಆಹಾರ ಪರೀಕ್ಷಾ ಲ್ಯಾಬಿನವರು: ಅದು ತಿಂಗಳುಗಟ್ಟಲೆ ಉಪ್ಪು, ಹುಳಿ ತಾಗಿ ಆದದ್ದು. ಇಲ್ಲಿ ಕೇಳಿರುವುದು ಬಡಿಸುವ ತಟ್ಟೆಯ ಬಗ್ಗೆ. ಅರ್ಧ ಗಂಟೆಯ ಊಟದಲ್ಲಿ ಸ್ಟೀಲಿಗೆ ಏನೂ ಆಗುವುದಿಲ್ಲ. ತೊಂದರೆ ಕೈಗೆ ಮಾತ್ರ. ಬಿಸಿ ತಟ್ಟೆಗೆ ಬೇಗ ಹತ್ತುತ್ತದೆ, ತೊಡೆಯ ಮೇಲೆ ಇಟ್ಟುಕೊಳ್ಳುವ ಮಕ್ಕಳಿಗೆ ಸುಡುತ್ತದೆ.

ಅಡುಗೆ ಕಂಟ್ರಾಕ್ಟರ್: 80 ಜನಕ್ಕೆ ಸ್ಟೀಲ್ ತಟ್ಟೆ ತೊಳೆಯೋರು ಯಾರು ಮೇಡಂ? ಒಂದು ಪಂಕ್ತಿ ಎದ್ದ ತಕ್ಷಣ ಇನ್ನೊಂದು ಕೂರುತ್ತೆ.

ಆಹಾರ ಪರೀಕ್ಷಾ ಲ್ಯಾಬಿನವರು: ಅದಕ್ಕೇ ಪೂರ್ತಿ ಸ್ಟೀಲ್ ಬೇಡ. ಸಿಕ್ಕಷ್ಟು ಬಾಳೆ ಎಲೆ ಹಾಕಿ, ಸಾರು ಅನ್ನ ಅದರಲ್ಲೇ ಆಗಲಿ. ಎಲೆ ಸಾಲದವರಿಗೆ ಹಾಳೆ ತಟ್ಟೆ ಕೊಟ್ಟು, ಅದರಲ್ಲಿ ಪಲ್ಯ, ಹಪ್ಪಳ, ಹೋಳಿಗೆ ಇಟ್ಟು, ಸಾರು ಅನ್ನ ಮಾತ್ರ ಸ್ಟೀಲ್ ಬಟ್ಟಲಿನಲ್ಲಿ ಬೇರೆ ಕೊಡಿ. ತೊಳೆಯುವುದು ಬಟ್ಟಲು ಮಾತ್ರ.

ಪ್ರಶ್ನೆ ಕೇಳಿದವರು: ಬಟ್ಟಲು ಪಕ್ಕದ ಮನೆಯಿಂದ ತರಬಹುದು. ತಂಗಿಗೆ ಆ ಬಣ್ಣದ ತಟ್ಟೆ ವಾಪಸ್ ಕೊಡೋಕೆ ಮನಸ್ಸಿಲ್ಲ. ಹಣ್ಣು, ಬಿಸ್ಕತ್ತು ಇಡಬಹುದಾ?

ಆಹಾರ ಪರೀಕ್ಷಾ ಲ್ಯಾಬಿನವರು: ನಾನಾದರೆ ವಾಪಸ್ಸೇ ಕೊಡುತ್ತಿದ್ದೆ. ಇಟ್ಟುಕೊಳ್ಳಲೇಬೇಕು ಅಂದರೆ ಬಿಸ್ಕತ್ತಿಗೆ ಇಡಿ. ಬಿಸಿ ಏನೂ ಅದರ ಹತ್ತಿರ ಬೇಡ.