ಸಹಸ್ರನಾಮದ ನಡುವೆ ನಿಂತುಬಿಡುವ ಆಯಿಗೆ ಏನು ಹೇಳಿಸಲಿ?

ಪ್ರಶ್ನೆ, ಶಿರಸಿಯಿಂದ: ಆಯಿಗೆ 81 ವರ್ಷ. ಮರೆವಿನ ಕಾಯಿಲೆ. ಬಾಯಿಪಾಠವಿದ್ದ ವಿಷ್ಣುಸಹಸ್ರನಾಮ ಈಗ ನಡುವೆ ತಪ್ಪಿಹೋಗುತ್ತದೆ, ಆಗ ಅಳುತ್ತಾಳೆ. ಮುಸ್ಸಂಜೆಗೆ ಗಾಬರಿಯೂ ಹೆಚ್ಚು. ಚಿಕ್ಕದಾಗಿ ಯಾವುದನ್ನು ಆರಿಸಲಿ?

ಕುಮಟಾದಿಂದ: ನನ್ನ ಅತ್ತೆಯವರನ್ನು ಆರು ವರ್ಷ ನೋಡಿಕೊಂಡೆ. ಸಹಸ್ರನಾಮವನ್ನು ಸದ್ಯಕ್ಕೆ ಬಿಡಿ. ಮದುವೆಯಾದ ಮೇಲೆ ಕಲಿತದ್ದಕ್ಕಿಂತ ತವರಿನಲ್ಲಿ ದೀಪದ ಮುಂದೆ ಕುಳಿತು ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆ. ಅದು ಯಾವುದೆಂದು ಅವರ ತಂಗಿಯನ್ನೋ ತಮ್ಮನನ್ನೋ ಕೇಳಿ. ನಾನು ಪುಸ್ತಕ ನೋಡಿ ‘ಶುಭಂ ಕರೋತಿ ಕಲ್ಯಾಣಂ’ ಎಂದಾಗಲೆಲ್ಲ ಅತ್ತೆ ಮುಖ ತಿರುಗಿಸುತ್ತಿದ್ದರು. ಅವರ ತವರಿನಲ್ಲಿ ‘ಕರೋತು’ ಎನ್ನುತ್ತಿದ್ದರೆಂದು ಚಿಕ್ಕಮ್ಮ ಹೇಳಿದರು. ಆ ಒಂದಕ್ಷರ ಬದಲಿಸಿ, ಅವರದೇ ರಾಗದಲ್ಲಿ ಹೇಳಿದ ದಿನ ಮುಂದಿನ ಸಾಲು ಅವರ ಬಾಯಿಂದ ತಾನಾಗಿ ಬಂತು.

ಕತ್ತಲಾಗುವ ಮೊದಲೇ ದೀಪ ಹಚ್ಚಿ, ಪಕ್ಕದಲ್ಲಿ ಕುಳಿತು ಅರ್ಧ ಸಾಲು ಹೇಳಿ ನಿಲ್ಲಿಸಿ. ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಬರದಿದ್ದರೆ ನೀವೇ ಮುಗಿಸಿ. ‘ಮುಂದೇನು, ನೆನಪಿದೆಯೇ?’ ಎಂದು ಮಾತ್ರ ಕೇಳಬೇಡಿ, ಅದು ಪರೀಕ್ಷೆಯಾಗುತ್ತದೆ, ಅಳು ಹುಟ್ಟುವುದು ಅಲ್ಲಿಯೇ. ತಪ್ಪು ಹೇಳಿದರೆ ತಿದ್ದಬೇಡಿ.

ಅಂಕೋಲಾದಿಂದ: ಒಂದೇ ಸಾಲನ್ನು ಹೇಳಿಸುವುದು ಸರಿ. ನಾವು ದಿನಕ್ಕೆ 108 ಸಲ ಹೇಳಿಸುತ್ತೇವೆ, ನೆನಪು ಮರಳುತ್ತದೆ. ಮೊಬೈಲ್‌ನಲ್ಲಿ ದಿನವಿಡೀ ಹಾಕಿಟ್ಟರೂ ಆಗುತ್ತದೆ.

ಕುಮಟಾದಿಂದ: ನೆನಪು ಮರಳುವುದಿಲ್ಲ ಅಣ್ಣಾ, ಆ ಹೊತ್ತಿನ ಗಾಬರಿ ಇಳಿಯುತ್ತದೆ ಅಷ್ಟೇ. ಮೊಬೈಲ್ ಅವರಿಗಾಗಿ ಕಾಯುವುದಿಲ್ಲ, ದಿನವಿಡೀ ಹಾಡಿದರೆ ಬರೀ ಗದ್ದಲ. ಎಣಿಕೆಗಿಂತ ಕೈ ನೋಡಿ: ತಾಳ ಹಾಕುತ್ತಿದ್ದರೆ ಮುಂದುವರಿಸಿ, ಸೆರಗು ಹಿಂಡತೊಡಗಿದರೆ ನಿಲ್ಲಿಸಿ.

ಕಾರವಾರದಿಂದ: ನಮ್ಮದು ಕ್ರೈಸ್ತ ಮನೆ. ಪಪ್ಪನಿಗೆ ‘ನಮಾನ್ ಮರಿಯೆ’ ಎಂದು ಶುರುಮಾಡಲು ಹೇಳಿದರೆ ಸುಮ್ಮನಿರುತ್ತಿದ್ದರು. ಎಲ್ಲವೂ ಹೋಯಿತೆಂದುಕೊಂಡೆವು. ಆಮೇಲೆ ಹೊಳೆಯಿತು: ಮನೆಯಲ್ಲಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ನಡೆಸುತ್ತಿದ್ದವಳು ಅಮ್ಮ, ಪಪ್ಪ ಜೀವನವಿಡೀ ಉತ್ತರಾರ್ಧವನ್ನೇ ಹೇಳಿದವರು. ಈಗ ಮೊದಲರ್ಧ ನಾನು ಹೇಳುತ್ತೇನೆ, ಉಳಿದದ್ದು ಅವರದು. ಐವತ್ತರ ಬದಲು ಹತ್ತೇ ಮಣಿ.

ಹೊನ್ನಾವರದಿಂದ: ನಮ್ಮ ಯಜಮಾನರು ಕನ್ನಡಕ ಎಲ್ಲಿಟ್ಟೆನೆಂದು ಮರೆಯುತ್ತಾರೆ, ಅವರಿಗೂ ಈಗಲೇ ಶ್ಲೋಕ ಶುರುಮಾಡಿಸಲೇ?

ಕುಮಟಾದಿಂದ: ಅಕ್ಕಾ, ಅದಕ್ಕೆ ಮೊದಲು ವೈದ್ಯರಿಗೆ ತೋರಿಸಿ. ಶಿರಸಿಯವರಿಗೂ ಒಂದು ಮಾತು: ಎರಡೇ ದಿನದಲ್ಲಿ ಗೊಂದಲ ಥಟ್ಟನೆ ಹೆಚ್ಚಿದರೆ ಪ್ರಾರ್ಥನೆ ಕಡಿಮೆಯಾಯಿತೆಂದು ತಿಳಿಯಬೇಡಿ, ವೈದ್ಯರಿಗೆ ತೋರಿಸಿ. ನಮ್ಮ ಅತ್ತೆಗೆ ಹಾಗಾದಾಗ ಅದು ಮೂತ್ರದ ಸೋಂಕಾಗಿತ್ತು.

ಶಿರಸಿಯಿಂದ: ಸಿದ್ದಾಪುರದ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅಜ್ಜ ಹೇಳಿಕೊಡುತ್ತಿದ್ದದ್ದು ‘ಕರಾಗ್ರೇ ವಸತೇ ಲಕ್ಷ್ಮೀ’ಯಂತೆ. ಆಯಿ ಅಂಗೈ ಬಿಡಿಸಿ ನೋಡಿಕೊಂಡಳು, ‘ಕರಮೂಲೇ’ವರೆಗೆ ಹೇಳಿದಳು. ಅದು ಬೆಳಗಿನ ಶ್ಲೋಕ. ಮುಸ್ಸಂಜೆಗೆ ಹೇಳಿಸಿದರೆ ಹೊತ್ತು ಇನ್ನಷ್ಟು ಗೊಂದಲವಾಗುವುದೇ? ಯಾರಾದರೂ ಹಾಗೆ ಮಾಡಿ ನೋಡಿದ್ದೀರಾ?